ಹಮಖಾಸ ಎಂಬ ಒಂದು ಮಾತು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ವಾರ ನಮ್ಮಂಥವರಿಗೆ ಸುಗ್ಗಿ. ಫೇಲಾದ ಮಕ್ಕಳ ಮನೆಯವರು ಅಕ್ಟೋಬರ್ ಪರೀಕ್ಷೆಗೆ ಯಾರ ಹತ್ತಿರ ಕಳಿಸುವುದೆಂದು ವಿಚಾರಿಸುವುದು ಆಗಲೇ. 1993ರಲ್ಲಿ ನಾನು ಅಥಣಿಯ ಕಾಳಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ‘ಅಭ್ಯಾಸ ಕ್ಲಾಸ್’ ನಡೆಸುತ್ತಿದ್ದೆ. ಗಣಿತ, ವಿಜ್ಞಾನ ಎರಡೇ ವಿಷಯ. ಕಲಿಸುವವನೂ ನಾನೇ, ಕಸ ಗುಡಿಸುವವನೂ ನಾನೇ.

ಅದುವರೆಗೆ ಗೋಡೆಗೆ ಹಚ್ಚುವ ಕಾಗದದಲ್ಲೇ ನನ್ನ ಜಾಹೀರಾತು ಮುಗಿಯುತ್ತಿತ್ತು. ಆ ವರ್ಷ ಬಾಪುಸಾಹೇಬರು ಒಪ್ಪಿಸಿದರು. ಅವರದು ಸ್ಪೀಕರ್ ಸೆಟ್ ಅಂಗಡಿ. ಎರಡು ಹಾರ್ನ್ ಕಟ್ಟಿದ ಹಳೆಯ ಜೀಪಿನಲ್ಲಿ ಬಿತ್ತನೆ ಬೀಜ, ದನದ ಹಿಂಡಿ, ಸೀರೆ ಮಾರಾಟ, ಎಲ್ಲದರ ಪ್ರಚಾರವನ್ನೂ ಅವರೇ ಮಾಡುತ್ತಿದ್ದರು. ಕ್ಯಾಸೆಟ್ಟಿನ ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಕಾಗವಾಡ, ಶಿರಗುಪ್ಪಿ ಕಡೆ ಹೋದಾಗ ಕ್ಯಾಸೆಟ್ಟು ತಿರುವಿ ಹಾಕುತ್ತಿದ್ದರು.

“ಸರ್, ಜೀಪ ನಿಲ್ಲೂದಿಲ್ಲ ನೋಡ್ರಿ. ಬಾಗಲದಾಗ ನಿಂತಾಕಿಗೆ ನಲವತ್ತ ಸೆಕೆಂದು ಕೇಳತೈತಿ. ಅಷ್ಟರಾಗ ಹೆಸರ ಎರಡ ಸರ್ತಿ, ಜಾಗಾ ಎರಡ ಸರ್ತಿ ಬರಬೇಕು,” ಎಂದರು.

ನಾನು ನಂಬದೆ ಬೀದಿಯಲ್ಲಿ ನಿಂತು ಕೈಗಡಿಯಾರ ಹಿಡಿದು ಅಳೆದೆ. ಮೂವತ್ತೆಂಟರಿಂದ ನಲವತ್ತೆರಡು. ಅದಕ್ಕೆ ಸರಿಯಾಗಿ ಬರೆದುಕೊಟ್ಟೆ. ಅದರಲ್ಲಿ ಒಂದು ಸಾಲು: ‘ಫೇಲಾದವರಿಗೆ ಅಕ್ಟೋಬರ್ ಪರೀಕ್ಷೆಗಾಗಿ ಖಾಸ ಕ್ಲಾಸ್.’

ಕ್ಯಾಸೆಟ್ಟು ರೆಕಾರ್ಡ್ ಆದ ದಿನ ನಾನು ರಾಯಬಾಗಕ್ಕೆ ಹೋಗಿದ್ದೆ. ಬಂದ ಮೇಲೆ ಕೇಳಬೇಕಿತ್ತು, ಕೇಳಲಿಲ್ಲ. ಜೀಪು ನಾಲ್ಕು ದಿನ ತಿರುಗಿತು.

ಐದನೆಯ ದಿನ ಮುಂಜಾನೆ ತೆಲಸಂಗದಿಂದ ಒಬ್ಬ ಹೆಣ್ಣುಮಗಳು ಮೆಟ್ಟಿಲೇರಿ ಬಂದಳು. ಹೆಸರು ಕೆಂಪವ್ವ, ಕುರಿ ಸಾಕುವ ಮನೆತನ. ಹಿಂದೆ ಅವಳ ಮಗಳು ಅಕ್ಕುತಾಯಿ, ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗೆ ಹಿಡಿದಿದ್ದಳು. ಉಳಿದದ್ದೆಲ್ಲ ಪಾಸು, ಗಣಿತ ಇಪ್ಪತ್ತೊಂದು.

“ಹಮಖಾಸ ಪಾಸ ಮಾಡಸೂ ಮಾಸ್ತರ ನೀವ ಅಲ್ರಿ?” ಎಂದಳು ಕೆಂಪವ್ವ.

“ಯಾರ ಹೇಳಿದ್ರಿ ಹಂಗ?”

“ಜೀಪ ಹೇಳ್ತಲ್ರಿ! ‘ಹಮಖಾಸ ಕ್ಲಾಸ, ಹಮಖಾಸ ಪಾಸ’ ಅಂತ. ನಮ್ಮ ಓಣ್ಯಾಗ ಹುಡುಗೋರು ಕುಣಕೋತ ಅಂತಾವು.”

ಖಾಸ ಎಂದರೆ ವಿಶೇಷ. ಹಮಖಾಸ ಎಂದರೆ ಖಂಡಿತ, ತಪ್ಪುವುದೇ ಇಲ್ಲ. ಗಡಿಯ ಈ ಕಡೆ ಎರಡೂ ಮಾತು ಎಲ್ಲರ ಬಾಯಲ್ಲಿವೆ. ಎರಡಕ್ಷರ ಮುಂದೆ ಸೇರಿಕೊಂಡು ನನ್ನ ಕ್ಲಾಸು ದೇವರ ಕೆಲಸ ಹೊತ್ತುಕೊಂಡಿತ್ತು.

“ಅವ್ವಾರ, ಅದು ತಪ್ಪಾಗೇತ್ರಿ. ನಾ ಖಾಸ ಅಂತ ಬರದಿದ್ದೆ. ಹಮಖಾಸ ಅಂತ ಯಾರಿಗೂ ಹೇಳಾಕ ಬರೂದಿಲ್ಲ.”

ಕೆಂಪವ್ವ ಅಲ್ಲೇ ಬೆಂಚಿನ ಮೇಲೆ ಕುಳಿತಳು. ಆಮೇಲೆ ಹೇಳಿದಳು. ಅವಳ ತಮ್ಮ ಭರಮು ತನ್ನ ಮಗನಿಗೆ ಅಕ್ಕುತಾಯಿಯನ್ನು ತರುವುದೆಂದು ಎಂದೋ ಮಾತಾಗಿತ್ತು. ಹುಡುಗಿ ಪಾಸಾದರೆ ಕಾಲೇಜು ಕಲಿತ ಮೇಲೆ ಮದುವೆ, ಫೇಲಾದರೆ ಈ ಶ್ರಾವಣಕ್ಕೇ. ಜೀಪಿನ ಮಾತು ಕೇಳಿದ ಮೇಲೆ ಭರಮು, “ಅಷ್ಟು ಖಾತ್ರಿ ಇದ್ರ ಅಕ್ಟೋಬರ ತನಕ ತಡೀತೀನಿ” ಎಂದಿದ್ದ.

“ನೀವು ಬರೇ ಹೂಂ ಅನ್ರಿ ಸಾಕು,” ಎಂದಳು. “ಅಂವ ಬಂದ ಕೇಳಿದ್ರ ಹಮಖಾಸ ಅನ್ರಿ. ಮುಂದಿಂದ ಮುಂದ. ಹುಡಿಗಿಗೆ ನಾಕ ತಿಂಗಳ ಸಿಗತಾವ.”

ಸುಳ್ಳು ಹೇಳಿದರೆ ಒಬ್ಬಳಿಗೆ ಅವಕಾಶ. ನಿಜ ಹೇಳಿದರೆ ಅವಳ ಓದು ಇಲ್ಲಿಗೇ ನಿಲ್ಲುತ್ತದೆ. ಕಾಲೇಜಿನಲ್ಲಿ ನಾನು ಕಲಿತ ಯಾವ ಲೆಕ್ಕವೂ ಇದಕ್ಕೆ ಹೊಂದುತ್ತಿರಲಿಲ್ಲ. ತೋಚದೆ ಅಕ್ಕುತಾಯಿಗೆ ಕಾಗದ ಕೊಟ್ಟು ಐದು ಸಮೀಕರಣ ಬಿಡಿಸಲು ಹೇಳಿದೆ. ಅವಳು ನೆಲದ ಮೇಲೆ ಕುಳಿತು, ನಾಲಿಗೆಯ ತುದಿ ಹೊರಗಿಟ್ಟುಕೊಂಡು ಬರೆದಳು.

ಎರಡು ಸರಿ, ಮೂರು ತಪ್ಪು. ಮೂರೂ ತಪ್ಪು ಒಂದೇ ಜಾಗದಲ್ಲಿ. ‘ಮೂರು ಎಕ್ಸ್, ಅದರಲ್ಲಿ ಏಳು ಕಳೆದರೆ ಹನ್ನೊಂದು’ ಎಂದಿದ್ದರೆ, ಏಳನ್ನು ಆಚೆ ಬದಿಗೆ ಒಯ್ಯುವಾಗ ಕೂಡಿಸಬೇಕು. ಇವಳು ಅಲ್ಲಿಯೂ ಕಳೆಯುತ್ತಿದ್ದಳು. ಅಲ್ಲಿಂದ ಮುಂದೆ ಕೊನೆಯವರೆಗೆ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ತಪ್ಪು ಬೇರು ಬಿಟ್ಟ ಜಾಗ ಕಾಣುತ್ತಿತ್ತು. ಆದರೂ ಅದು ಭರವಸೆಯೇ ಹೊರತು ಖಾತ್ರಿಯಲ್ಲ.

“ಹೋದ ವರ್ಷ ನಿಮ್ಮಲ್ಲಿ ಎಷ್ಟ ಮಂದಿ ಫೇಲಾದ್ರು?” ಕೆಂಪವ್ವ ಕೇಳಿದಳು.

“ಮೂವತ್ತೊಂದರಾಗ ಹನ್ನೆರಡು.”

“ಅವರ್ಯಾಕ ಫೇಲಾದ್ರು?”

ಆ ಪ್ರಶ್ನೆಯನ್ನು ಯಾವ ತಂದೆತಾಯಿಯೂ ನನ್ನನ್ನು ಕೇಳಿರಲಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿ ಹೇಳಿದೆ. ಹನ್ನೆರಡರಲ್ಲಿ ಏಳು ಮಂದಿ ಆಗಸ್ಟಿನಿಂದ ಬರುವುದನ್ನೇ ಬಿಟ್ಟವರು. ಉಳಿದ ಐವರು ಕೊನೆಯ ದಿನದವರೆಗೂ ಬಂದು ಫೇಲಾದವರು.

“ಬಿಟ್ಟದ್ದು ಮನಿಯವರಿಗೆ ಗೊತ್ತಿತ್ತೇನ್ರಿ?”

“ಇಲ್ಲ ಅನಸ್ತೈತಿ.”

“ನೀವು ತಿಳಸಬೇಕಿತ್ತು,” ಎಂದಳು, ಸಿಟ್ಟಿಲ್ಲದೆ. ಅವಳು ಕೇಳಿದ ‘ಹೂಂ’ ನನ್ನಿಂದ ಸಿಗದೆಯೇ ತಾಯಿ ಮಗಳು ಊರಿಗೆ ಹೋದರು.

ಮಧ್ಯಾಹ್ನ ಬಾಪುಸಾಹೇಬರ ಅಂಗಡಿಗೆ ಹೋದೆ. ಅವರು ನಗುತ್ತಲೇ ಬರಮಾಡಿಕೊಂಡರು. “ಸರ್, ನಿಮ್ಮ ಅಕ್ಷರ ಸಣ್ಣದು, ನನ್ನ ಬಾಯಿ ದೊಡ್ಡದು. ಬೀಜದ ಜಾಹೀರಾತಿನಾಗ ಹತ್ತ ವರ್ಷ ‘ಹಮಖಾಸ ಬೆಳಿ, ಹಮಖಾಸ ಪೀಕು’ ಅಂದೀನಿ. ತಾನ ಬಂತ. ಪಾಸ ಅನ್ನೂದನ್ನ ಮಾತ್ರ ಪ್ರಾಸಕ್ಕ ನಾನ ಸೇರಿಸಿದೆ. ಪುಕಟ!”

“ಅಳಿಸ್ರಿ ಬಾಪುಸಾಹೇಬ. ಹೊಸಾದು ಬರದ ತಂದೀನಿ.”

ಅವರು ಚಾಳೀಸು ಹಾಕಿಕೊಂಡು ಗಟ್ಟಿಯಾಗಿ ಓದಿದರು:

‘ತಂದೆತಾಯಿಯರೇ, ಅಥಣಿಯ ಅಭ್ಯಾಸ ಕ್ಲಾಸ್. ಕಳೆದ ಅಕ್ಟೋಬರ್ ಪರೀಕ್ಷೆಗೆ ಮೂವತ್ತೊಂದು ಮಂದಿ ಓದಿದರು. ಹತ್ತೊಂಬತ್ತು ಪಾಸ್, ಹನ್ನೆರಡು ಫೇಲ್. ಪಾಸಿನ ಖಾತ್ರಿ ನಾವು ಕೊಡುವುದಿಲ್ಲ. ಎರಡು ದಿನ ಮಗು ಬರದಿದ್ದರೆ ಮನೆಗೆ ಕಾರ್ಡು ಬರೆಯುತ್ತೇವೆ. ಹದಿನೈದು ದಿನಕ್ಕೊಂದು ಪರೀಕ್ಷೆ. ತಿದ್ದಿದ ಕಾಗದ ನಿಮ್ಮ ಕೈಗೆ. ಮೊದಲ ವಾರ ನೀವೂ ಬಂದು ಕೂತು ನೋಡಿ, ಆಮೇಲೆ ಹೆಸರು ಹಚ್ಚಿರಿ. ಅಭ್ಯಾಸ ಕ್ಲಾಸ್, ಅಥಣಿ.’

“ನಿಮಗ ತಲಿ ಕೆಟ್ಟೈತೇನ್ರಿ? ತನ್ನ ಮಾಲು ಕೊಳತೈತಿ ಅಂತ ಸಂತ್ಯಾಗ ಯಾರರೆ ಒದರತಾರೇನು?”

“ಅಷ್ಟ ಒದರ್ರಿ.”

“ನಲವತ್ತೈದ ಸೆಕೆಂದು ಆಗತೈತಿ. ಫೇಲ ಆದವರನ್ನ ತಗದರ ಸರಿಹೊಂದತೈತಿ ನೋಡ್ರಿ.” ಗೆದ್ದವರಂತೆ ನನ್ನ ಮುಖ ನೋಡಿದರು.

ಕಾಗದ ಇಸಿದುಕೊಂಡೆ. ಖಾತ್ರಿಯ ಸಾಲನ್ನು ‘ಪಾಸಿನ ಖಾತ್ರಿ ಇಲ್ಲ’ ಎಂದು ಮೊಟಕು ಮಾಡಿದೆ. ‘ತಂದೆತಾಯಿಯರೇ’ ಎಂಬುದನ್ನು ಹೊಡೆದು ಹಾಕಿದೆ. ಬಾಗಿಲಲ್ಲಿ ನಿಂತವಳಿಗೆ ಅದು ತನಗೇ ಎಂದು ಗೊತ್ತಾಗುತ್ತದೆ. ಮತ್ತೆ ಓದಿಸಿ ಅಳೆದೆ. ನಲವತ್ತು.

ಮರುದಿನ ತೆಲಸಂಗದ ಸಂತೆ. ನಾನೂ ಜೀಪಿನಲ್ಲಿ ಕುಳಿತೆ. ಮೊದಲ ಸುಳ್ಳು ಹೋದಲ್ಲೆಲ್ಲ ನಿಜವೂ ಹೋಗಲಿ, ಅದೂ ನನ್ನ ಎದುರಿಗೇ, ಎಂಬ ಹಟ. ಕಾಯಿಪಲ್ಯದ ಸಾಲು ದಾಟುವಷ್ಟರಲ್ಲಿ ಕಂಬಳಿ ಹೆಗಲಿಗೆ ಹಾಕಿದ ಎತ್ತರದ ಮನುಷ್ಯ ಜೀಪಿನ ಮುಂದೆ ನಿಂತುಬಿಟ್ಟ. ಹಿಂದೆ ಓಡಿ ಬಂದ ಕೆಂಪವ್ವ, ಅಕ್ಕುತಾಯಿಯರನ್ನು ನೋಡಿ ಅವನು ಭರಮು ಎಂದು ತಿಳಿಯಿತು.

“ಹೋದ ವಾರ ಹಮಖಾಸ ಅಂದ್ರಿ. ಈ ವಾರ ಹನ್ನೆರಡ ಮಂದಿ ಫೇಲ ಅಂತೀರಿ. ಬರೂ ವಾರ ಕ್ಲಾಸ ಮುಚ್ಚೇವಿ ಅಂತೀರೇನ ಮತ್ತ?”

ಸುತ್ತಲಿನ ಜನ ನಕ್ಕರು. ಬಾಪುಸಾಹೇಬರು ಕ್ಯಾಸೆಟ್ಟು ನಿಲ್ಲಿಸಿ ಇಳಿದರು. “ಅದು ನಂದ ತಪ್ಪೋ ತಮ್ಮಾ. ಬೀಜದ ಜಾಹೀರಾತ ಹೇಳಿ ಹೇಳಿ ಚಟಾ ಬಿದ್ದೈತಿ.”

“ಆ ಬೀಜಾನೂ ನಾ ಬಿತ್ತೀನಿ ಬಾಪುಸಾಹೇಬ,” ಎಂದ ಭರಮು.

ಈ ಸಲ ನಗೆ ಇನ್ನೂ ಜೋರಾಯಿತು. ಬಾಪುಸಾಹೇಬರು ಕೂಡ ತಲೆ ಕೆರೆದುಕೊಂಡು ನಕ್ಕರು. ಕೆಂಪವ್ವ ಮಾತ್ರ ನಗಲಿಲ್ಲ. ಮಗಳ ಮುಂಗೈ ಹಿಡಿದಿದ್ದಳು.

ಭರಮು ನನ್ನತ್ತ ತಿರುಗಿದ. “ನೀವ ಮಾಸ್ತರ? ಹೇಳ್ರಿ. ನಮ್ಮ ಹುಡಿಗಿ ಹನ್ನೆರಡರಾಗೋ, ಹತ್ತೊಂಬತ್ತರಾಗೋ?”

“ಗೊತ್ತಿಲ್ರಿ,” ಎಂದೆ. ಕೆಂಪವ್ವ ಕಣ್ಣು ಮುಚ್ಚಿದ್ದು ಕಂಡಿತು. “ಗೊತ್ತಿದ್ದದ್ದಷ್ಟ ಹೇಳತೀನಿ. ಪಾಸಾಗಾಕ ಮೂವತ್ತೈದು ಬೇಕು, ಆಕಿಗೆ ಇಪ್ಪತ್ತೊಂದ ಬಂದಾವು. ನಿನ್ನೆ ಐದ ಲೆಕ್ಕ ಕೊಟ್ಟಿದ್ದೆ. ಮೂರ ತಪ್ಪಿದಾಳ, ಮೂರೂ ಒಂದ ಕಾರಣಕ್ಕ. ಆ ಒಂದ ಕಾರಣಾ ಹೋದ್ರ ಎಷ್ಟೋ ದಾರಿ ಸಾಫ್ ಆಗತೈತಿ. ಹೋಗತೈತೋ ಇಲ್ಲೋ ಅನ್ನೂದು ಎರಡ ಟೆಸ್ಟಿನಾಗ ತಿಳೀತೈತಿ. ಕಾಗದಾ ನಿಮ್ಮ ಕೈಗೇ ಕೊಡತೀನಿ.”

“ನನಗ ಓದಾಕ ಬರೂದಿಲ್ಲ. ಅಂಕಿ ಬರತಾವು.”

“ಅಂಕಿ ಸಾಕ್ರಿ. ಏರದಿದ್ರ ನಾನ ಬಂದ ಹೇಳತೀನಿ, ಏರಿಲ್ಲ ಅಂತ.”

ಅವನು ಅಕ್ಕನ ಮುಖ ನೋಡಿದ, ಆಮೇಲೆ ಸೊಸೆಯಾಗಬೇಕಾದವಳ ಮುಖ. “ಹಮಖಾಸ ಅಂದಾಗ ನಾ ಹೂಂ ಅಂದಿದ್ದೆ, ಖರೆ. ಆದ್ರ ರಾತ್ರಿ ನಿದ್ದಿ ಹತ್ತಲಿಲ್ಲ, ಯಾರಪಾ ಇಂವ, ಸ್ಪೀಕರದಾಗ ಮಂದೀ ಹಣೇಬರಾ ಓದಾಂವ ಅಂತ.” ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. “ಎರಡ ಟೆಸ್ಟ ನೋಡತೀನಿ. ಅಂಕಿ ಏರಿದ್ರ ಅಕ್ಟೋಬರ. ಏರಲಿಲ್ಲಂದ್ರ ನನ್ನ ಮುಂದ ಯಾರೂ ಅಳಬಾರದು.”

ನಾಲ್ಕು ತಿಂಗಳು ಕೇಳಿದ್ದ ಕೆಂಪವ್ವನಿಗೆ ಒಂದು ತಿಂಗಳು ಸಿಕ್ಕಿತ್ತು. ಅವಳು ನನ್ನತ್ತ ನೋಡಿದ ರೀತಿಯಲ್ಲಿ ಸಿಟ್ಟಿತ್ತೋ ಸಮಾಧಾನವಿತ್ತೋ, ಇಂದಿಗೂ ನನಗೆ ಹೇಳಲಾಗದು.

ಅಕ್ಕುತಾಯಿ ತಾಯಿಯ ಕೈ ಬಿಡಿಸಿಕೊಂಡು ಹತ್ತಿರ ಬಂದಳು. “ಸರ್, ಇಪ್ಪತ್ತೊಂದಕಿಂತ ಕಡಿಮಿ ಬಂದ್ರ, ಮಾಮಾಗ ಖರೇನ ಹೇಳತೀರೇನ್ರಿ?”

“ಹೇಳತೀನಿ ತಂಗಿ.”

“ಹೆಚ್ಚ ಬಂದ್ರೂ?”

“ಅದನ್ನೂ.”

ಅವಳು ನಿನ್ನೆಯ ಕಾಗದವನ್ನು ನಾಲ್ಕಾಗಿ ಮಡಚಿ ಇಟ್ಟುಕೊಂಡಿದ್ದಳು. ಅದನ್ನು ಬಿಡಿಸಿ ಜೀಪಿನ ಬಿಸಿ ಬಾನೆಟ್ಟಿನ ಮೇಲೆ ಹರವಿ, ಗಾಳಿಗೆ ಹಾರದಂತೆ ಅಂಗೈ ಊರಿದಳು.

“ಆಚೆ ಬದಿಗೆ ಹೋದಾಗ ಕಳಿಯೂದು ಕೂಡಿಸೂದು ಯಾಕ ಆಗತೈತ್ರಿ? ನನಗ ಅದ ಎಂದೂ ತಿಳಿದಿಲ್ಲ. ಕೇಳಾಕ ನಾಚಿಕಿ ಬರತಿತ್ತು.”

ಬಾಪುಸಾಹೇಬರು ಮುಂದಿನ ಓಣಿಗೆ ತಡವಾಗುತ್ತದೆಂದು ಗೊಣಗಿದರು, ಆದರೆ ಕೀಲಿ ತಿರುವಲಿಲ್ಲ. ನಾನು ಪೆನ್ನು ತೆಗೆದೆ. ಹೊರಟಿದ್ದ ಭರಮು ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು, ಅವಳ ಹೆಗಲ ಮೇಲಿಂದ ಬಗ್ಗಿ, ತನಗೆ ಬರುವ ಅಂಕಿಗಳನ್ನು ನೋಡುತ್ತ ನಿಂತ.