ಸರ್ ಬರೆಯದ ಉತ್ತರಗಳು

ಜಯತೀರ್ಥ ಸರ್ ತೀರಿಕೊಂಡ ಹದಿನಾರನೇ ದಿನ ಅವರ ಫೋನಿಗೆ ಕೋಮಲಳ ಮೇಲ್ ಬಂತು.

ಹದಿಮೂರರ ಕಾರ್ಯ ಮುಗಿಸಿ ಮಗಳು ಮಂಜರಿ ಸೊಲ್ಲಾಪುರಕ್ಕೆ ಮರಳಿದ್ದಳು. ಬಸವನ ಬಾಗೇವಾಡಿಯ ಆ ಮನೆಯಲ್ಲಿ ಇಂದೂಬಾಯಿ ಒಬ್ಬರಿಗಾಗುವಷ್ಟು ಅಕ್ಕಿ ಅಳೆಯುವುದನ್ನು ಇನ್ನೂ ಕಲಿತಿರಲಿಲ್ಲ. ಗಂಡನ ಫೋನನ್ನು ಮಾತ್ರ ದಿನಾ ಚಾರ್ಜಿಗೆ ಹಾಕುತ್ತಿದ್ದರು. "ಅದನ್ನ ಬಂದ್ ಮಾಡಿಸವ್ವಾ" ಎಂದು ಮಗಳು ಹೇಳಿದ್ದಕ್ಕೆ "ಆತು, ಮಾಡಸ್ತೇನಿ" ಅಂದವರು ಹಾಗೆಯೇ ಬಿಟ್ಟಿದ್ದರು.

ಮೇಲ್ ತೆರೆದರು. ತೆರೆಯುವುದು ಅವರಿಗೆ ಹೊಸದಲ್ಲ. ಕಣ್ಣಿನ ಆಪರೇಷನ್ ಆದಾಗಿನಿಂದ ಸರ್ ಆರಾಮಕುರ್ಚಿಯಲ್ಲಿ ಕೂತು ಹೇಳುವರು, ಇವರು ಟೈಪ್ ಮಾಡುವರು. ಇಂಡಿ ಪಟ್ಟಣದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಲೂ ಸರ್‌ಗೆ ವಿದ್ಯಾರ್ಥಿಗಳ ನಂಟು ಬಿಟ್ಟಿರಲಿಲ್ಲ. ಕೋಮಲ ಅಗರಖೇಡದ ಹುಡುಗಿ, ಈಗ ಬಿ.ಎಸ್ಸಿ. ಎರಡನೇ ವರ್ಷ. ವಿಜಯಪುರದಲ್ಲಿ ಮಣ್ಣು, ನೀರು ಪರೀಕ್ಷೆ ಮಾಡುವ ಒಂದು ಖಾಸಗಿ ಪ್ರಯೋಗಾಲಯಕ್ಕೆ ರಜೆಯ ಇಂಟರ್ನ್‌ಶಿಪ್ ಕೇಳಿ ಮೇಲ್ ಬರೆಯಬೇಕೆಂದು ಎರಡು ತಿಂಗಳಿನಿಂದ ಸರ್ ಬೆನ್ನು ಹತ್ತಿದ್ದಳು.

ಅವಳ ಮೊದಲ ಕರಡು ಇಂದೂಬಾಯಿಗೆ ನೆನಪಿತ್ತು. ಅಪ್ಪ ಭೀಮಶ್ಯಾ ಕೂಲಿಗೆ ಹೋಗುತ್ತಾರೆ, ದಯವಿಟ್ಟು ಅವಕಾಶ ಕೊಡಿ ಎಂದು ಎರಡು ಪುಟ ಬರೆದಿದ್ದಳು. ಸರ್ ಫೋನಿನಲ್ಲಿ ಬೈದಿದ್ದರು. "ಬಡವಿ ಅದೇನಿ ಅಂತ ಯಾಕ ಬರೀತಿ? ಏನು ಮಾಡೀದಿ ಅದನ್ನ ಬರಿ. ಹೊಳಿದಂಡಿ ಹನ್ನೆರಡು ಬಾವಿ ನೀರು ತಂದು ಕಾಲೇಜಿನ ಮೀಟರಿನ್ಯಾಗ ಅಳದೀಯಲಾ, ಅದು ಸಣ್ಣ ಮಾತೇನು?"

ಈಗ ಬಂದ ಮೇಲ್‌ನಲ್ಲಿ ಹೀಗಿತ್ತು: "ಸರ್, ನೀವು ಹೇಳಿದಂಗ ತಿದ್ದೇನಿ. ವಿಷಯದ ಸಾಲಿನ್ಯಾಗ ನನ್ನ ಕೋರ್ಸು, ವರ್ಷ, ರಜೆಯ ತಾರೀಖು ಹಾಕೇನಿ. ಪತ್ರ ಆರೇ ಸಾಲು. ರೆಸ್ಯೂಮ್ ಒಂದೇ ಪುಟ, ಪಿಡಿಎಫ್ ಮಾಡಿ ನನ್ನ ಹೆಸರಿಲೇ ಇಟ್ಟೇನಿ. ಕೊನಿಗೆ ಪರಿಚಯದವರು ಅನ್ನೋ ಕಡೆ ನಿಮ್ಮ ಹೆಸರು, ನಂಬರ, ಇಮೇಲ್ ಹಾಕೇನಿ. ಕಳಿಸಲೇನ್ರಿ?"

ಹುಡುಗಿಗೆ ಸುದ್ದಿ ಮುಟ್ಟಿರಲಿಲ್ಲ. ಅಗರಖೇಡಕ್ಕೆ ಯಾರು ಹೇಳಬೇಕು?

ಇಂದೂಬಾಯಿ ಪತ್ರ ಓದಿದರು. ಹನ್ನೆರಡು ಬಾವಿಗಳಲ್ಲಿ ಏನು ಕಂಡೆ, ಅದರಲ್ಲಿ ಏನು ತಿಳಿಯಲಿಲ್ಲ, ನೈಟ್ರೇಟ್ ಅಳೆಯುವುದನ್ನು ಯಾಕೆ ಕಲಿಯಬೇಕು, ಯಾವ ಆರು ವಾರ ಬಿಡುವು. ಒಂದು ಮಾತೂ ಹೆಚ್ಚಿರಲಿಲ್ಲ. ಸರ್ ಇದ್ದಿದ್ದರೆ ಮೂಗಿನಲ್ಲೇ ನಕ್ಕು, "ಈಗ ಸರಿ ಆತು ನೋಡು" ಅನ್ನುತ್ತಿದ್ದರು.

"ಕೋಮಲ, ಸರ್ ಇಲ್ಲವಾ" ಎಂದು ಟೈಪ್ ಮಾಡಿದರು. ಆ ಅಕ್ಷರಗಳನ್ನು ನೋಡುತ್ತ ಕೂತರು. ಇಲ್ಲಿಯವರೆಗೆ ಬಂದವರೆಲ್ಲ ಆ ಮಾತನ್ನು ಅವರಿಗೆ ಹೇಳಿದ್ದರು. ತಾವಾಗಿ ಯಾರಿಗೂ ಹೇಳುವ ಪ್ರಸಂಗ ಬಂದಿರಲಿಲ್ಲ. ಒಂದೊಂದೇ ಅಕ್ಷರ ಅಳಿಸಿದರು. "ಈಗ ಸರಿ ಆತು. ಕಳಿಸು" ಎಂದು ಬರೆದು ಕಳಿಸಿಬಿಟ್ಟರು.

ಹತ್ತು ನಿಮಿಷದಲ್ಲಿ ಉತ್ತರ ಬಂತು: "ಕಳಿಸಿದೆ ಸರ್. ಕಳಿಸಿದ ಮ್ಯಾಲೂ ನಾಕು ಸಲ ತೆಗದು ಓದೇನಿ."

ಆ ದಿನ ಇಂದೂಬಾಯಿ ಹೊಟ್ಟೆ ತುಂಬ ಉಂಡರು.

ಆಮೇಲೆ ಅದು ರೂಢಿಯಾಯಿತು. ವಾರವಾದರೂ ಉತ್ತರವಿಲ್ಲ ಎಂದು ಅವಳು ಬರೆದಳು. ಹಳೆಯ ಮೇಲ್‌ಗಳನ್ನು ತಿರುವಿ, ಇನ್ನೊಬ್ಬ ಹುಡುಗನಿಗೆ ಸರ್ ಹೇಳಿದ್ದನ್ನೇ ಇವರು ಬರೆದರು: ಅದೇ ಮೇಲ್‌ನ ಕೆಳಗೆ ಎರಡೇ ಸಾಲಿನಲ್ಲಿ ವಿನಯದಿಂದ ನೆನಪಿಸು. ಅವಳು ಹಾಗೇ ಮಾಡಿದಳು. ಫೋನಿನಲ್ಲಿ ಸಂದರ್ಶನ ಆಯಿತು, ಚಲೋ ಆಯಿತು ಎಂದೂ ತಿಳಿಸಿದಳು. ಪ್ರತಿ ಸಲ ಉತ್ತರ ಬರೆಯುವಾಗ ಇಂದೂಬಾಯಿಗೆ ಆರಾಮಕುರ್ಚಿಯಿಂದ ದನಿ ಕೇಳಿದಂತಾಗುತ್ತಿತ್ತು. ನಾಳೆ ಹೇಳಿದರಾಯಿತು ಅಂದುಕೊಳ್ಳುವರು. ನಾಳೆ ಬಂದಾಗ ಮತ್ತೆ ನಾಳೆ.

ಒಂದು ದಿನ ಪ್ರಯೋಗಾಲಯದವರೇ ಸರ್‌ಗೆ ಬರೆದರು. ನಿಮ್ಮ ವಿದ್ಯಾರ್ಥಿನಿ ನಿಮ್ಮ ಹೆಸರು ಕೊಟ್ಟಿದ್ದಾಳೆ, ಅವಳ ಬಗ್ಗೆ ನಾಲ್ಕು ಮಾತು ತಿಳಿಸಿ ಎಂದು. ಇಲ್ಲಿ ಅವರ ಕೈ ತಡೆಯಿತು. ಆದರೆ ಬರೆಯದಿದ್ದರೆ ಹುಡುಗಿಗೆ ಹೊಡೆತ. ಸರ್ ಹೊಗಳಿದ್ದನ್ನು ಕಿವಿಯಾರೆ ಕೇಳಿದ್ದೇನೆ, ಸುಳ್ಳೇನೂ ಬರೆಯುತ್ತಿಲ್ಲವಲ್ಲ ಎಂದು ಮನಸ್ಸಿಗೆ ಹೇಳಿಕೊಂಡರು. ಬರೆದರು. ಕೆಳಗೆ ಗಂಡನ ಹೆಸರು ಹಾಕಿದರು.

ಮೂರನೇ ದಿನ ಫೋನು ಬಂತು. ಇಂಟರ್ನ್‌ಶಿಪ್ ನೋಡಿಕೊಳ್ಳುವ ಸೊಹೇಲ.

"ಜಯತೀರ್ಥ ಸರ್ ಅದಾರೇನ್ರಿ? ಕೋಮಲ ಅವರ ವಿಷಯ ಒಂದೆರಡು ಮಾತು ಕೇಳೂದಿತ್ತು."

"ಇಲ್ರಿ."

"ಯಾವಾಗ ಸಿಗ್ತಾರ್ರಿ?"

ಬೆರಳು ಹೇಳಿದ ಸುಳ್ಳನ್ನು ಬಾಯಿ ಹೇಳಲಿಲ್ಲ. "ಅವರು ತೀರಿಕೊಂಡು ತಿಂಗಳ ಮ್ಯಾಲಾತ್ರಿ."

"ಮೊನ್ನೆ ಅವರ ಮೇಲ್ ಬಂದೈತಲ್ರಿ."

"ಅದನ್ನ ನಾ ಬರದೇನ್ರಿ. ಅವರ ಹೆಂಡತಿ."

"ಹುಡುಗಿಗೆ ಗೊತ್ತೈತೇನ್ರಿ?"

"ದೇವರಾಣಿ ಗೊತ್ತಿಲ್ರಿ. ಸರ್ ಇದ್ದಾರಂತನ ತಿಳದಾಳ."

"ನಾ ನಂಬ್ತೇನ್ರಿ ಅಮ್ಮಾರ. ಮ್ಯಾಲಿನವರಿಗೆ ಹೆಂಗ ಹೇಳಲಿ? ತೀರಿಕೊಂಡವರ ಹೆಸರಿನ ಪತ್ರ ಫೈಲಿನ್ಯಾಗ ಕುಂತೈತಿ."

ಆಗಲೇ ಕೂತು ಇಂದೂಬಾಯಿ ತಮ್ಮ ಹೆಸರಿನಲ್ಲಿ ನಡೆದದ್ದೆಲ್ಲ ಬರೆದು ಕಳಿಸಿದರು. ಮರುದಿನ ಉತ್ತರ ಬಂತು. ವಿದ್ಯಾರ್ಥಿನಿಯದು ತಪ್ಪಲ್ಲ ಎಂದು ಒಪ್ಪುತ್ತೇವೆ. ಆದರೆ ಆ ಜಾಗವನ್ನು ಪಟ್ಟಿಯಲ್ಲಿದ್ದ ಮುಂದಿನವರಿಗೆ ಕೊಟ್ಟಾಗಿದೆ. ಮುಂದಿನ ವರ್ಷ ಅರ್ಜಿ ಹಾಕಬಹುದು.

ಸಂಜೆಗೆ ಕೋಮಲಳ ಮೇಲ್ ಬಂತು: "ಸರ್, ಪರಿಚಯದವರ ಪತ್ರ ಖಾತ್ರಿ ಆಗಲಿಲ್ಲ ಅಂತ ನನ್ನ ಕೈಬಿಟ್ಟಾರ. ನನ್ನಿಂದ ಏನು ತಪ್ಪಾತ್ರಿ?"

ಅದಕ್ಕೆ ಮೇಲ್‌ನಲ್ಲಿ ಉತ್ತರ ಬರೆಯುವ ಧೈರ್ಯ ಅವರಿಗಾಗಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹಿಡಿದರು. ವಿಜಯಪುರದಲ್ಲಿ ಬದಲಿಸಿ, ಇಂಡಿಯಲ್ಲಿ ಬದಲಿಸಿ, ಅಗರಖೇಡ ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಕೋಮಲಳ ತಾಯಿ ಶೆಟ್ಟೆವ್ವ ಗುರುತಿಲ್ಲದಿದ್ದರೂ ನೀರು ಕೊಟ್ಟಳು. ಇಂದೂಬಾಯಿ ಗಟಗಟ ಕುಡಿದು, ಹೆಸರು ಹೇಳಿದರು.

"ಸರ್ ಮನಿಯವರಾ? ಸರ್ ಆರಾಮ ಅದಾರೇನ್ರಿ ಬಾಯಾರ?" ಎನ್ನುತ್ತ ಕೋಮಲ ಒಳಗಿನಿಂದ ಬಂದಳು. ಅಷ್ಟರಲ್ಲಿ ಅವಳ ಕಣ್ಣು ಇವರ ಬೋಳು ಹಣೆಯ ಮೇಲೆ ನಿಂತಿತು.

ಇಂದೂಬಾಯಿ ಏನನ್ನೂ ಮುಚ್ಚಿಡದೆ ಹೇಳಿದರು. ಶೆಟ್ಟೆವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. ಕೋಮಲ ಕಂಬಕ್ಕೆ ಒರಗಿ ಕೂತಳು.

"ನಿನ್ನ ಕೆಲಸ ನಾ ಹಾಳ ಮಾಡಿದೆನವಾ."

"ಕೆಲಸದ್ದು ಬಿಡ್ರಿ. ಸರ್ ಹೋದದ್ದು ನಂಗ ಹೇಳಬೇಕಿತ್ತಲ್ರಿ." ಅವಳ ದನಿ ಏರಲಿಲ್ಲ. "ಸಂದರ್ಶನ ಚಲೋ ಆತಂತ ಸರ್‌ಗೆ ಬರದು ನಕ್ಕೊಂತ ಕುಂತೆ. ಆವಾಗ ಸರ್ ಇರಲೇ ಇಲ್ಲ. ನಾ ಅಳೂದು ಯಾವಾಗರಿ?"

ಇಂದೂಬಾಯಿ ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು.

ಕೋಮಲ ಫೋನು ತೆಗೆದಳು. ಸರ್ ಕಳಿಸಿದ ಮೇಲ್‌ಗಳನ್ನು ಸಾಲಾಗಿ ತೆರೆದು ಇವರ ಮುಂದೆ ಹಿಡಿದಳು. "ಯಾವುದು ಸರ್ ಹೇಳಿದ್ದು, ಯಾವುದು ನೀವು ಬರದದ್ದು, ತೋರಸ್ರಿ."

ಮೇಲಿನಿಂದ ಒಂದೊಂದೇ ತೋರಿಸಿದರು. ಇದು ನಂದು. ಇದೂ ನಂದು. ಇದೂ. ಹೊಳೆಯ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು. ಏಳನೆಯದಕ್ಕೆ ಬಂದಾಗ ಇಂದೂಬಾಯಿಯ ಬೆರಳು ನಿಂತಿತು.

"ಇದು ಅವರದು. ಅವತ್ತ ಮುಂಜಾನೆ ಚಾ ಕುಡಕೊಂತ ಹೇಳಿದ್ರು. ಮಧ್ಯಾಹ್ನಕ್ಕ ಎದಿ ಹಿಡಕೊಂಡ್ರು."

ಕೋಮಲ ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು. ಆ ಮೇಲ್ ಒಂದೇ ಸಾಲಿನದು: ಏಳನೇ ಬಾವಿಯ ಲೆಕ್ಕ ಇನ್ನೊಮ್ಮೆ ನೋಡು, ನನಗ್ಯಾಕೋ ಅನುಮಾನ.

"ಆ ಬಾವಿ ಲೆಕ್ಕ ನಾ ಇನ್ನೂ ನೋಡೇ ಇಲ್ರಿ," ಅಂದಳು ಕೋಮಲ. ಆಗ ಅವಳಿಗೆ ಅಳು ಬಂತು.