ಒಂಬತ್ತು ವರ್ಷಕ್ಕೆ ಎರಡು ಸಾಲು

ಹದಿನಾರು ವರ್ಷ ನಾನು ದೊಡ್ಡ ಕಂಪನಿಯೊಂದರಲ್ಲಿ ಕೆಲಸಕ್ಕೆ ಜನರನ್ನು ಆರಿಸುವ ವಿಭಾಗದಲ್ಲಿದ್ದೆ. ಈಗ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಬೇರೆಯವರ ರೆಸ್ಯೂಮ್ ತಿದ್ದಿ ಬರೆದುಕೊಡುತ್ತೇನೆ. ಮಾಡಿದ ಪಾಪ ತೊಳೆದುಕೊಳ್ಳುತ್ತಿದ್ದೀಯಾ ಎಂದು ನನ್ನ ತಂಗಿ ಛೇಡಿಸುತ್ತಾಳೆ. ಅವಳ ಮಾತು ಸುಳ್ಳೇನಲ್ಲ. ನಡುವೆ ನಾಲ್ಕೈದು ವರ್ಷ ಖಾಲಿ ಇರುವ ಹೆಂಗಸಿನ ಅರ್ಜಿ ಬಂದರೆ ಪೂರ್ತಿ ಓದದೆ ಪಕ್ಕಕ್ಕೆ ತಳ್ಳಿದವಳು ನಾನು. ಒಬ್ಬಳನ್ನಾದರೂ ಕರೆದು, ಏನಮ್ಮಾ ಆಗಿತ್ತು ಎಂದು ಕೇಳಿದವಳಲ್ಲ.

ಆ ಸೋಮವಾರ ಗಂಡ ಹೆಂಡತಿ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದರು. ಕೆಲಸ ಬೇಕಾಗಿದ್ದದ್ದು ಹೆಂಡತಿಗೆ, ಮಾತಾಡಿದ್ದೆಲ್ಲ ಗಂಡ. ಔಷಧ ಕಾರ್ಖಾನೆಯೊಂದರಿಂದ ಗುರುವಾರಕ್ಕೆ ಸಂದರ್ಶನದ ಕರೆ ಬಂದಿದೆಯಂತೆ. ಅಲ್ಲಿನ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿ ಸೀನಿಯರ್ ಹುದ್ದೆ. ರೆಸ್ಯೂಮ್ ಆಗಲೇ ಹೋಗಿದೆ, ಕೊಂಡೊಯ್ಯಲು ಒಂದು ಪ್ರತಿಯನ್ನು ನಾನು ಸ್ವಲ್ಪ ಚೆಂದ ಮಾಡಿಕೊಟ್ಟರೆ ಸಾಕಂತೆ.

ಓದಿದೆ. ಮೊದಲ ಏಳು ವರ್ಷ ಒಳ್ಳೆಯ ಕಂಪನಿಯ ಲ್ಯಾಬಿನಲ್ಲಿ ಅನಲಿಸ್ಟ್. ಆಮೇಲಿನ ಒಂಬತ್ತು ವರ್ಷ ‘ಗುಣಮಟ್ಟ ಸಲಹೆಗಾರ್ತಿ’. ಯಾವ ಸಂಸ್ಥೆ ಎಂದು ನೋಡಿದರೆ ಫಿನೈಲ್ ಮಾರುವ ಒಂದು ಏಜೆನ್ಸಿ. ಅದು ಗಂಡನ ಅಣ್ಣನದು. ಈ ರೆಸ್ಯೂಮ್ ಬರೆದ ಮಹಾನುಭಾವರೂ ಅವರೇ. ಫಿನೈಲಿಗೆ ಒಂಬತ್ತು ವರ್ಷ ಏನಮ್ಮಾ ಸಲಹೆ ಕೊಟ್ಟಿರಿ ಎಂದು ಕೇಳಿದೆ. ಆಕೆ ತಲೆ ತಗ್ಗಿಸಿದರು. ಗಂಡ ನಕ್ಕರು.

ನಾನು ನಗಲಿಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಹಿಂದಿನ ನೇಮಕಾತಿ ಪತ್ರ ಕೇಳುತ್ತಾರೆ, ಸಂಬಳದ ಚೀಟಿ ಕೇಳುತ್ತಾರೆ, ತೆರಿಗೆ ಕಾಗದ ಕೇಳುತ್ತಾರೆ, ಇದನ್ನೆಲ್ಲ ತಾಳೆ ನೋಡಲಿಕ್ಕೆಂದೇ ಬೇರೆ ಏಜೆನ್ಸಿಗಳಿವೆ, ಸೇರಿದ ಮೇಲೆ ಗೊತ್ತಾದರೂ ಮನೆಗೆ ಕಳಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ಅಣ್ಣ ಬೇಕಾದ ಚೀಟಿ ಮಾಡಿಕೊಡುತ್ತಾನೆ, ಎಲ್ಲರೂ ಮಾಡುವುದೇ ಇದು ಎಂದರು ಗಂಡ.

“ಇಲ್ಲಾಂದ್ರೆ ಏನು ಬರೆಯೋದು ಮೇಡಂ? ಒಂಬತ್ತು ವರ್ಷ ಮನೇಲಿ ಸುಮ್ನೆ ಕೂತಿದ್ಲು ಅಂತಾನಾ?”

ಹೆಂಡತಿಯ ಮುಖ ನೋಡಿದೆ. ಏನು ಮಾಡುತ್ತಿದ್ದಿರಿ ಎಂದು ಆಕೆಯನ್ನೇ ಕೇಳಿದೆ. ಅತ್ತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದರಂತೆ. ಹುಣ್ಣಾಗದ ಹಾಗೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂಗಿನ ನಳಿಗೆಯಲ್ಲಿ ಊಟ ಬಿಡಬೇಕು, ಮೈ ಒರೆಸಬೇಕು, ಬಟ್ಟೆ ಬದಲಿಸಬೇಕು. ಕಳೆದ ವರ್ಷ ತೀರಿಕೊಳ್ಳುವವರೆಗೆ ಇದನ್ನೆಲ್ಲ ಮಾಡಿದ್ದು ಈಕೆ ಒಬ್ಬರೇ. ತನ್ನನ್ನು ಹೆತ್ತ ತಾಯಿಯನ್ನು ಒಂಬತ್ತು ವರ್ಷ ನೋಡಿಕೊಂಡವಳನ್ನು ‘ಸುಮ್ನೆ ಕೂತಿದ್ಲು’ ಎನ್ನುವ ಮಗ ನನ್ನೆದುರಿಗೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಅಲ್ಲಿಯವರೆಗೆ ‘ಅವರು’ ಅನ್ನುತ್ತಿದ್ದವಳು ಮನಸ್ಸಿನಲ್ಲೇ ‘ಅವನು’ ಅನ್ನತೊಡಗಿದೆ.

ಸಿಟ್ಟಿನಲ್ಲಿ ನಾನೂ ಒಂದು ತಪ್ಪು ಮಾಡಿದೆ. ಆ ಆರೈಕೆಯನ್ನೇ ದೊಡ್ಡದು ಮಾಡಿ ಬರೆಯೋಣ ಎಂದು, ‘ರೋಗಿ ಆರೈಕೆಯ ನಿರ್ವಹಣೆ, ಸಮಯ ಪಾಲನೆ, ಒತ್ತಡದಲ್ಲಿ ನಿರ್ಧಾರ’ ಎಂದು ಟೈಪ್ ಮಾಡಲು ಶುರು ಮಾಡಿದೆ. ಆಕೆ ಆಗ ತಡೆದರು.

“ಬೇಡ ಮೇಡಂ. ಅದು ಕೆಲಸಾನೇ, ನಾನು ಇಲ್ಲ ಅನ್ನಲ್ಲ. ಆದ್ರೆ ಲ್ಯಾಬಿನ ಕೆಲಸಕ್ಕೆ ಅದು ಅರ್ಹತೆ ಅಲ್ಲ. ನಮ್ಮ ಹಳೇ ಲ್ಯಾಬಿನಲ್ಲಿ ಒಬ್ಬ ಮಾಡದೇ ಇದ್ದ ಪರೀಕ್ಷೆಗೆ ಅಂಕಿ ತುಂಬಿಸಿದ್ದ. ಹಿಡಿದುಕೊಟ್ಟವಳು ನಾನೇ. ಅವತ್ತೇ ಅವನ ಕೆಲಸ ಹೋಯ್ತು. ರಿಜಿಸ್ಟರಿನಲ್ಲಿ ಖಾಲಿ ಉಳಿದ ಜಾಗಕ್ಕೆ ಅಡ್ಡಗೆರೆ ಎಳೆದು, ಕಾರಣ ಬರೆದು, ತಾರೀಖು ಹಾಕಿ ಸಹಿ ಮಾಡ್ತೀವಿ. ಖಾಲಿ ಇದ್ದದ್ದು ತಪ್ಪಲ್ಲ. ಆಮೇಲೆ ತುಂಬೋದು ತಪ್ಪು.”

ನನ್ನ ಹದಿನಾರು ವರ್ಷದ ಅನುಭವದಲ್ಲಿ ಗ್ಯಾಪಿನ ಬಗ್ಗೆ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಟೈಪ್ ಮಾಡಿದ್ದನ್ನೆಲ್ಲ ಅಳಿಸಿದೆ. ಇಸವಿಗಳನ್ನು ಮುಚ್ಚಿಡದೆ, ಇದ್ದ ಜಾಗದಲ್ಲೇ ಎರಡು ಸಾಲು ಬರೆದೆವು. ‘ಕೆಲಸದಿಂದ ವಿರಾಮ: ಪಾರ್ಶ್ವವಾಯು ಪೀಡಿತ ಅತ್ತೆಯವರ ಪೂರ್ಣಾವಧಿ ಆರೈಕೆ. ಆ ಹೊಣೆ ಕಳೆದ ವರ್ಷ ಮುಗಿದಿದ್ದು, ಈಗ ಪೂರ್ಣಾವಧಿ ಕೆಲಸಕ್ಕೆ ಸಿದ್ಧಳಿದ್ದೇನೆ.’ ಅಷ್ಟೇ. ಕ್ಷಮೆಯಿಲ್ಲ, ಕಣ್ಣೀರಿಲ್ಲ.

ಇನ್ನು ಇತ್ತೀಚಿನದು ಏನಾದರೂ ಇದೆಯೇ ಎಂದು ಕೇಳಿದೆ. ಆಕೆ ಫೈಲಿನ ತಳದಿಂದ ಒಂದು ಸರ್ಟಿಫಿಕೇಟ್ ತೆಗೆದರು. ಅತ್ತೆ ಹೋದ ಮೇಲೆ ನಾಲ್ಕು ತಿಂಗಳು ತರಗತಿಗೆ ಹೋಗಿ, ಮಾತ್ರೆಯಲ್ಲಿ ಯಾವ ಔಷಧ ಎಷ್ಟಿದೆ ಎಂದು ಅಳೆಯುವ ಯಂತ್ರದ ಹೊಸ ಸಾಫ್ಟ್‌ವೇರ್ ಕಲಿತಿದ್ದರು. ಆ ಹುದ್ದೆಗೆ ಬೇಕಾದದ್ದೇ ಅದು! ಇದನ್ನು ಯಾಕೆ ಹಾಕಲಿಲ್ಲ ಎಂದೆ. ಗಂಡನ ಅಣ್ಣ ತೆಗೆಸಿದರಂತೆ. ದೊಡ್ಡ ಸಲಹೆಗಾರ್ತಿ ಹುಡುಗರ ಜೊತೆ ಬೆಂಚಿನಲ್ಲಿ ಕೂತು ಕಲಿತಳು ಅಂದರೆ ನಂಬುತ್ತಾರಾ ಎಂದು. ಸುಳ್ಳನ್ನು ಉಳಿಸಿಕೊಳ್ಳಲು ಆಕೆಯ ಕೈಲಿದ್ದ ಒಂದೇ ಒಂದು ಹೊಸ ಸತ್ಯವನ್ನು ಕಿತ್ತು ಹಾಕಿದ್ದರು. ಅದನ್ನು ಮೊದಲ ಪುಟದ ಮೇಲ್ಗಡೆಯೇ ಕೂರಿಸಿದೆ.

ಈಗ ಉಳಿದದ್ದು ಕಷ್ಟದ ಕೆಲಸ. ಹೋಗಿರುವ ರೆಸ್ಯೂಮಿನಲ್ಲಿ ಒಂದು ವಿವರ ನಿಜವಲ್ಲ, ದಯವಿಟ್ಟು ಇದನ್ನು ಪರಿಗಣಿಸಿ ಎಂದು ಸಣ್ಣ ಪತ್ರದ ಜೊತೆ ಈ ಹೊಸ ಪ್ರತಿಯನ್ನು ಕಾರ್ಖಾನೆಗೆ ಇವತ್ತೇ ಕಳಿಸಬೇಕು. ಕರೆ ರದ್ದಾದರೂ ಆಗಬಹುದು ಎಂದೆ. ಗಂಡ ಎದ್ದು ನಿಂತ. ಕೈಗೆ ಬಂದದ್ದನ್ನು ಕಾಲಲ್ಲಿ ಒದೆಯುತ್ತಿದ್ದೀರಿ, ಮನೆಯವರ ಮಾನ ಕಳೆಯುತ್ತಿದ್ದೀರಿ ಎಂದು ನನ್ನ ಮೇಲೆ ರೇಗಿದ. ಆಕೆ ಕಂಪ್ಯೂಟರ್ ಮುಂದೆ ಕುರ್ಚಿ ಎಳೆದುಕೊಂಡು ಪತ್ರವನ್ನು ಎರಡು ಸಲ ಓದಿ ತಾವೇ ಕಳಿಸಿಬಿಟ್ಟರು.

ಉತ್ತರ ಬಂದದ್ದು ಬುಧವಾರ ಸಂಜೆ. ಸಂದರ್ಶನವೇನೋ ಉಳಿಯಿತು, ಆದರೆ ಸೀನಿಯರ್ ಅಲ್ಲ, ಒಂದು ಮೆಟ್ಟಿಲು ಕೆಳಗಿನ ಹುದ್ದೆಗೆ. ಗುರುವಾರ ಲ್ಯಾಬಿನ ಮುಖ್ಯಸ್ಥೆ, ಮೊದಲಿನದನ್ನು ಬರೆದವರು ಯಾರು ಎಂದು ಕೇಳಿದರಂತೆ. ಬರೆದದ್ದು ಗಂಡನ ಅಣ್ಣ, ಆದರೆ ಓದಿಯೂ ಸುಮ್ಮನಿದ್ದವಳು ನಾನು ಎಂದರಂತೆ ಈಕೆ. ಆಮೇಲೆ ಮುಕ್ಕಾಲು ಗಂಟೆ ಯಂತ್ರದ ಮಾತು. ವಾರದೊಳಗೆ ನೇಮಕಾತಿಯ ಕಾಗದ ಬಂತು.

ಫೋನಿನಲ್ಲಿ ಇದನ್ನು ಕೇಳಿ ನನಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಅದೇ ಕೈ, ಅದೇ ತಲೆ. ಸುಳ್ಳು ಹೇಳಿದಾಗ ಸೀನಿಯರ್, ನಿಜ ಹೇಳಿದಾಗ ಜೂನಿಯರ್. ಇದು ಯಾವ ನ್ಯಾಯ ಎಂದು ಕೂಗಾಡಿದೆ. ತನಗೂ ಸಿಟ್ಟು ಇಳಿದಿಲ್ಲ, ಆರು ತಿಂಗಳು ಕೆಲಸ ತೋರಿಸಿ ಮೇಲಿನ ಹುದ್ದೆಯನ್ನು ಬಾಯಿಬಿಟ್ಟೇ ಕೇಳುತ್ತೇನೆ ಎಂದರು. ಆಮೇಲೆ ಇನ್ನೊಂದು ಸುದ್ದಿ ಹೇಳಿದರು. ಸೋಮವಾರ ಕೆಲಸಕ್ಕೆ ಸೇರಬೇಕು, ಅದೇ ದಿನ ಮಾವನಿಗೆ ಮಂಡಿಯ ಆಪರೇಷನ್. ಸೇರುವುದನ್ನು ಒಂದು ತಿಂಗಳು ಮುಂದೆ ಹಾಕು ಎಂದು ಗಂಡ ಕೇಳಿದನಂತೆ.

ಅದಕ್ಕೆ ನೀವೇನು ಹೇಳಿದಿರಿ ಎಂದೆ.

“ಆಗಲ್ಲ, ಈ ಸಲ ನೀವು ರಜಾ ಹಾಕಿ ಅಂದೆ. ಒಂದು ತಿಂಗಳಿಗೆ ಕಾರಣ ಅಂತ ಏನು ಬರೀಲಿ, ಆಫೀಸಿನಲ್ಲಿ ಏನಂದ್ಕೋತಾರೆ ಅಂದ್ರು. ‘ತಂದೆಯನ್ನ ನೋಡ್ಕೋಬೇಕು’ ಅಂತ ಬರೀರಿ, ಒಂದೇ ಸಾಲು ಸಾಕು ಅಂದೆ.”