ಎರಡನೇ ಗುಂಪು, ನಾಲ್ಕನೇ ಪ್ರಶ್ನೆ

ರೇವತಿಗೆ ಆಫೀಸಿನಲ್ಲಿ ಕುರ್ಚಿ ಇತ್ತು, ಮೇಜು ಇರಲಿಲ್ಲ. ಜೋಗುಪಾಳ್ಯದ ಆ ಟ್ರಸ್ಟಿಗೆ ಇದ್ದದ್ದೇ ಎರಡು ಕೋಣೆ. ಒಂದರಲ್ಲಿ ಟ್ರಸ್ಟು ನಡೆಸುವ ಪದ್ಮಶ್ರೀ ಮೇಡಂ ಕೂರುತ್ತಿದ್ದರು, ಇನ್ನೊಂದರಲ್ಲಿ ಫೈಲುಗಳು. ಫೈಲುಗಳ ಪಕ್ಕ, ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ರೇವತಿ ಕೆಲಸ ಮಾಡುತ್ತಿದ್ದಳು.

ಹತ್ತನೇ ತರಗತಿ ಮುಗಿಸಿ ಪಿಯುಸಿ ಸೇರುವ ಬಡ ಹುಡುಗಿಯರಿಗೆ ಟ್ರಸ್ಟು ಉಚಿತ ಹಾಸ್ಟೆಲ್ ನಡೆಸುತ್ತಿತ್ತು. ಬೇಸಿಗೆ ಬಂತೆಂದರೆ ತಂದೆತಾಯಿಯರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳು ಮುಗಿಬೀಳುತ್ತಿದ್ದವು.

"ಒಂದೇ ಪ್ರಶ್ನೆ ನೂರು ಸಲ ಕೇಳ್ತಾರೆ ರೇವತಿ, ನಂಗೆ ಹುಚ್ಚು ಹಿಡಿಯೋದೊಂದು ಬಾಕಿ," ಎಂದರು ಮೇಡಂ. "ಗ್ರೂಪಲ್ಲಿರೋದೆಲ್ಲಾ ತೆಗ್ದು, ಗ್ರೂಪ್ ಗ್ರೂಪ್ ಮಾಡಿ, ನಂಬರ್ ಹಾಕಿ, ಪ್ರಶ್ನೆ ಕೆಳಗೆ ಉತ್ತರ ಬರೋ ಹಾಗೆ ನೀಟಾಗಿ ಒಂದು ಎಫ್‌ಎಕ್ಯೂ ಮಾಡು. ಇನ್ಮೇಲೆ ಯಾರು ಏನ್ ಕೇಳಿದ್ರೂ ಪಿಡಿಎಫ್ ಎಸೆದುಬಿಡೋಣ."

ರೇವತಿ ಕೆಲಸಕ್ಕೆ ಸೇರಿದ್ದೇ ಇತ್ತೀಚೆಗೆ. ಗುಂಪಿಗೆ ಅವಳನ್ನು ಸೇರಿಸುವ ಮುಂಚಿನ ಮಾತುಗಳು ಅವಳ ಫೋನಿನಲ್ಲಿ ಕಾಣುತ್ತಿರಲಿಲ್ಲ. ಮೇಡಂ ತಮ್ಮ ಫೋನಿನಿಂದ ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಮೇಲ್ ಕಳಿಸಿದರು. ಬಂದದ್ದು ಬರೀ ಅಕ್ಷರಗಳ ಉದ್ದನೆಯ ಫೈಲು: ತಾರೀಖು, ಹೊತ್ತು, ಹೆಸರು, ಮಾತು. ವಾಯ್ಸ್ ಮೆಸೇಜುಗಳಿರಲಿಲ್ಲ, ಅವು ಇದ್ದ ಜಾಗದಲ್ಲಿ ಒಂದೊಂದು ಖಾಲಿ ಸಾಲಿತ್ತು. ಯಾವ ಉತ್ತರ ಯಾವ ಪ್ರಶ್ನೆಗೆ ಎಂದು ಫೋನಿನಲ್ಲಿ ಉತ್ತರದ ತಲೆಯ ಮೇಲೆ ಕಾಣುವ ಚೌಕವೂ ಇರಲಿಲ್ಲ.

ಮೊದಲು ಅವಳು ಗುಡ್ ಮಾರ್ನಿಂಗ್‌ಗಳನ್ನು, ಹಬ್ಬದ ಶುಭಾಶಯಗಳನ್ನು ಕಿತ್ತು ಎಸೆದಳು. ಉಳಿದದ್ದನ್ನು ಎಕ್ಸೆಲ್ ಶೀಟಿಗೆ ಹಾಕಿ, ಪ್ರಶ್ನೆಗಳಿಗೆ ಒಂದು ಬಣ್ಣ, ಉತ್ತರಗಳಿಗೆ ಇನ್ನೊಂದು ಬಣ್ಣ ಬಳಿದಳು. 'ಫೋನ್ ಬಿಡ್ತಾರಾ', 'ಮಗಳ ಹತ್ರ ಮೊಬೈಲ್ ಇರಬಹುದಾ', 'ಭಾನುವಾರ ಮಾತಾಡಬೇಕು ಅಂದ್ರೆ ಹೇಗೆ', ಇವೆಲ್ಲ ಒಂದೇ ಪ್ರಶ್ನೆ. ಅಂಥವನ್ನು ಒಂದೆಡೆ ತಂದು, ತಾಯಂದಿರು ಕೇಳುವ ಮಾತಿನಲ್ಲೇ ಒಂದು ಸಾಲು ಬರೆದಳು. ಕೊನೆಯ ದಿನಾಂಕವನ್ನು ಮೇಡಂ ಎರಡು ಸಲ ಬದಲಿಸಿದ್ದರು. ಹಳೆಯ ಉತ್ತರಗಳನ್ನು ಹೊಡೆದುಹಾಕಿ ಕೊನೆಯದನ್ನು ಮಾತ್ರ ಇಟ್ಟುಕೊಂಡಳು. ನಾಲ್ಕು ಗುಂಪುಗಳಾದವು: ಯಾರು ಅರ್ಜಿ ಹಾಕಬಹುದು, ಯಾವ ಕಾಗದ ಬೇಕು, ಸಂದರ್ಶನದ ದಿನ, ಹಾಸ್ಟೆಲಿನ ಒಳಗೆ. ಉತ್ತರವೇ ಸಿಗದ ಪ್ರಶ್ನೆಗಳನ್ನು ಕೊನೆಯಲ್ಲಿ 'ಮೇಡಂ ಹೇಳಬೇಕು' ಎಂದು ಬೇರೆ ಇಟ್ಟಳು.

ಒಂದು ಕಡೆ ತಡವರಿಸಿದಳು. ಒಂದೇ ನಿಮಿಷದಲ್ಲಿ ಎರಡು ಪ್ರಶ್ನೆಗಳು ಬಂದಿದ್ದವು. ಸುಕನ್ಯ ಎಂಬಾಕೆ, 'ಸಂದರ್ಶನಕ್ಕೆ ತಾಯಿ ಒಬ್ಬಳೇ ಬಂದರೆ ಸಾಕಾ?' ಎಂದು ಕೇಳಿದ್ದಳು. ಅದರ ಕೆಳಗೆ ಭಗವಂತರಾಯ ಎಂಬ ತಂದೆಯದು: 'ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ. ಹೊಸದಕ್ಕೆ ಅರ್ಜಿ ಹಾಕಿದ ರಸೀದಿ ಸಾಕಾ?' ಅದರ ಕೆಳಗೆ ಮೇಡಂ ಒಂದೇ ಪದ ಬರೆದಿದ್ದರು. 'ಸಾಕು.'

ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಒಂದು ಪದ ಒತ್ತಿ ಫೋನು ಪಕ್ಕಕ್ಕಿಡುವುದು ಮೇಡಂ ಅಭ್ಯಾಸ.

ರೇವತಿ ಎರಡೂ ಪ್ರಶ್ನೆಗಳಿಗೆ ಹಳದಿ ಬಳಿದು ಮೇಡಂ ಕೋಣೆಗೆ ಹೋದಳು. "ಮೇಡಂ, ಇದು ಯಾವ್ದಕ್ಕೆ ಕೊಟ್ಟ ಉತ್ತರ ಅಂತ ಗೊತ್ತಾಗ್ತಿಲ್ಲ. ನಿಮ್ ಫೋನಲ್ಲಿ ಒಂದ್ಸಲ ನೋಡ್ತೀರಾ?"

"ಅಷ್ಟು ಹಿಂದಕ್ಕೆ ಯಾರ್ ಹೋಗ್ತಾರಮ್ಮಾ? ಹಿಂದಿನ ಸಾಲಲ್ಲೇ ಒಂದು ಪ್ರಶ್ನೆ ಇದ್ಯಲ್ಲ, ಅದಕ್ಕೇ ಇರುತ್ತೆ."

"ತಪ್ಪಾದ್ರೆ..."

"ಎಫ್‌ಎಕ್ಯೂ ಅಂದ್ರೆ ಉತ್ತರ ಇರ್ಬೇಕು ರೇವತಿ. ಹೀಗೆ ಹಳದಿ ಬಳಿದ್ರೆ ಅದೇನು ಎಫ್‌ಎಕ್ಯೂನೋ ಅರಿಶಿನ ಶಾಸ್ತ್ರನೋ? ಸಂಜೆ ಕಳಿಸ್ಬಿಡು."

ರೇವತಿ ಹಳದಿ ಅಳಿಸಿದಳು. 'ಸಾಕು' ಎಂಬ ಒಂಟಿ ಪದ ಬೋಳಾಗಿ ಕಂಡಿತು. ಅದಕ್ಕೊಂದು ವಾಕ್ಯ ತೊಡಿಸಿದಳು. 2.4: ಆದಾಯ ಪ್ರಮಾಣಪತ್ರ ಇನ್ನೂ ಕೈಸೇರದಿದ್ದರೆ ಏನು ಮಾಡಬೇಕು? ಉತ್ತರ: ಅರ್ಜಿ ಸಲ್ಲಿಸಿದ ರಸೀದಿಯನ್ನು ತಂದರೆ ಸಾಕು. ಓದಿಕೊಂಡಳು. ಸರ್ಕಾರಿ ಆದೇಶದ ಹಾಗೆ ಗಟ್ಟಿಯಾಗಿತ್ತು. ಚೆನ್ನಾಗಿದೆ ಅನ್ನಿಸಿತು ಕೂಡ. ಮೇಡಂ ಪಿಡಿಎಫ್ ತೆರೆಯದೆಯೇ 'ಸೂಪರ್' ಎಂದು ಬರೆದು ಗುಂಪಿಗೆ ಹಾಕಿದರು.

ಬಾಣಸವಾಡಿಯಲ್ಲಿ ರೇವತಿಯ ಕೋಣೆಗೆ ಅಂಟಿಕೊಂಡ ಕೋಣೆ ಜಟ್ಟೆಮ್ಮನದು. ಜೇವರ್ಗಿ ಕಡೆಯವಳು, ಸಿ.ವಿ. ರಾಮನ್ ನಗರದ ಟೆಕ್ ಪಾರ್ಕಿನಲ್ಲಿ ನೆಲ ಒರೆಸುವ ಕೆಲಸ. ಮಗಳು ಜಯಮಾಲಾ ಹತ್ತನೇ ತರಗತಿ ಪಾಸಾಗಿದ್ದಳು. ಹಾಸ್ಟೆಲ್ ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ತಾಯಿಯ ಜೊತೆ ಟೆಕ್ ಪಾರ್ಕು. ಗುತ್ತಿಗೆದಾರ ಆಗಲೇ ಹುಡುಗಿಯ ಯೂನಿಫಾರ್ಮಿನ ಅಳತೆ ಕೇಳಿದ್ದ.

ಮರುದಿನ ಬೆಳಿಗ್ಗೆ ಜಟ್ಟೆಮ್ಮ ಬಾಗಿಲಿಗೆ ಬಂದಳು.

"ಏನವ್ವಾ ರೇವತಿ, ಊರಿಗಿ ಹೋಗ್ಲೇನು, ಬ್ಯಾಡೇನು? ಇನ್ಕಮ್ಮಿಂದು ಅರ್ಜಿ ಹಾಕೀವಿ, ಬಂದಿಲ್ಲ. ಅಲ್ಲೇ ನಿಂತು ಬೆನ್ನು ಹತ್ತಿದ್ರ ಕೊಡ್ತಾರಂತ. ಸೂಪರ್‌ವೈಜರ್ ಈಗ ರಜಾ ಕೊಡ್ತೀನಂದಾನ. ಬಿಟ್ರ ಮತ್ತ ಕೊಡಾಂವಲ್ಲ."

"ರಸೀದಿ ಅದನ ಅಕ್ಕಾ?"

"ಅದ. ನಿಮ್ಮ ಪಿಡಿಎಫ್‌ನಾಗ ರಸೀದಿ ಸಾಕಂತ ಬರದದಂತ, ಜಯಮಾಲಾ ಓದಿ ಹೇಳಿದ್ಳು. ಖರೇನ ಅದು?"

ಆ ಹಳದಿ ರೇವತಿಗೆ ನೆನಪಾಯಿತು. ಗೊತ್ತಿಲ್ಲ ಅಂದುಬಿಡಬಹುದಿತ್ತು. ಆದರೆ ತಾನೇ ಬರೆದು, ಮೇಡಂ ಹೆಸರಿನಲ್ಲಿ ನಾನೂರು ಜನರಿಗೆ ಹೋದ ಮಾತನ್ನು ತಾನೇ ಗೊತ್ತಿಲ್ಲ ಎನ್ನುವುದು ಹೇಗೆ?

"ಖರೇನೇ ಅದ ಅಕ್ಕಾ," ಎಂದಳು.

"ನೀ ಬರದದ್ದಂದ್ರ ಮುಗೀತು ತಗಿ. ಬಸ್ಸಿನ ರೊಕ್ಕ ಉಳೀತು," ಎಂದು ಜಟ್ಟೆಮ್ಮ ನಕ್ಕು ಕೆಲಸಕ್ಕೆ ಹೋದಳು.

ಸಂದರ್ಶನದ ದಿನ ಕಾಗದ ನೋಡಲು ಕೂತವರು ಆದಿನಾರಾಯಣ. ನಿವೃತ್ತ ಗುಮಾಸ್ತ, ಟ್ರಸ್ಟಿನ ನಿಯಮಗಳ ಪ್ರತಿಯನ್ನು ಮುಂದಿಟ್ಟುಕೊಂಡೇ ಕೂತಿದ್ದರು. ಜಟ್ಟೆಮ್ಮ ರಸೀದಿ ಚಾಚಿದಳು.

"ಇದು ರಸೀದಿ. ಸರ್ಟಿಫಿಕೇಟ್ ಎಲ್ಲಮ್ಮಾ?"

ಜಯಮಾಲಾ ಫೋನು ತೆಗೆದು 2.4 ತೋರಿಸಿದಳು. ಆದಿನಾರಾಯಣ ಕನ್ನಡಕ ಏರಿಸಿ ಓದಿದರು. "ಇದು ವಾಟ್ಸಾಪು. ರೂಲ್ಸು ಇಲ್ಲಿದೆ. ರಸೀದಿ ಅಂದ್ರೆ ಅರ್ಜಿ ಹಾಕಿದೀರಿ ಅಂತಷ್ಟೇ, ನಿಮ್ಮ ಆದಾಯ ಎಷ್ಟು ಅಂತ ಅಲ್ಲ. ಪಕ್ಕಕ್ಕೆ ನಿಂತ್ಕೊಳ್ಳಿ."

ಪಕ್ಕದಲ್ಲಿ ಆಗಲೇ ಕೆಲವರು ನಿಂತಿದ್ದರು. ಎಲ್ಲರ ಕೈಯಲ್ಲೂ ರಸೀದಿ. ರೇವತಿ ಮೇಡಂ ಕೋಣೆಗೆ ಓಡಿದಳು. ಈಗ ಮೇಡಂ ಅಷ್ಟು ಹಿಂದಕ್ಕೆ ಹೋದರು. ಹೆಬ್ಬೆರಳಿನಲ್ಲಿ ನಾಲ್ಕು ಸಲ ತಳ್ಳಿದ್ದಷ್ಟೇ. 'ಸಾಕು' ಸಿಕ್ಕಿತು. ಅದರ ತಲೆಯ ಮೇಲಿನ ಚೌಕದಲ್ಲಿ ಸುಕನ್ಯಳ ಪ್ರಶ್ನೆಯಿತ್ತು.

"ನೋಡು, ನಾನು ಎಷ್ಟು ಕ್ಲಿಯರ್ ಆಗಿ ರಿಪ್ಲೈ ಮಾಡಿದೀನಿ. ತಾಯಿ ಒಬ್ಳೇ ಸಾಕು ಅಂತ. ನೀನು ರಸೀದಿಗೆ ಹಾಕಿದೀಯ."

"ನಾನು ಕೇಳಿದ್ದೆ ಮೇಡಂ."

"ಕೇಳಿದ್ರೆ ಗೊತ್ತಾಗೋ ಹಾಗೆ ಕೇಳ್ಬೇಕು."

"ಒಂದು ವಾರ ಟೈಮ್ ಕೊಟ್ರೆ ಎಲ್ರೂ ತಂದ್ಬಿಡ್ತಾರೆ."

"ವೇಟಿಂಗ್ ಲಿಸ್ಟಲ್ಲಿರೋರ ಹತ್ರ ಎಲ್ಲಾ ಕಾಗದ ರೆಡಿ ಇದೆ. ಅವರಿಗೆ ನಾನೇನ್ ಹೇಳ್ಲಿ? ಸಂಜೆ ಐದರೊಳಗೆ ತಂದ್ರೆ ತಗೋತೀವಿ. ಮೊದ್ಲು ಹೋಗಿ ಅದನ್ನ ತಿದ್ದು."

ರೇವತಿ ತಿದ್ದಿದಳು. 2.4: ರಸೀದಿ ಸಾಲದು, ಪ್ರಮಾಣಪತ್ರ ಕಡ್ಡಾಯ. ನಂಬರು ಬದಲಾಗಲಿಲ್ಲ, ಗುಂಪೂ ಬದಲಾಗಲಿಲ್ಲ. ಮೇಡಂ ಹೊಸ ಪಿಡಿಎಫ್ ಹಾಕಿ ಕೆಳಗೆ ಬರೆದರು: 'ಟೈಪಿಂಗ್ ತಪ್ಪು ಸರಿಪಡಿಸಲಾಗಿದೆ.' ಸೀಟು ಖಚಿತವಾಗಿದ್ದವರು ಹೆಬ್ಬೆರಳು ಎತ್ತಿದರು.

ಜಟ್ಟೆಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ರೇವತಿಯನ್ನು ಕಂಡರೂ ಏಳಲಿಲ್ಲ.

"ನಿನಗ ಗೊತ್ತಿದ್ದಿಲ್ಲಂದ್ರ ಗೊತ್ತಿಲ್ಲ ಅನ್ಬೇಕಿತ್ತಲ್ಲವ್ವಾ," ಎಂದಳು. "ನಾ ಊರಿಗಿ ಹೋಗ್ತಿದ್ದೆ."

ಜಯಮಾಲಾ ತಾಯಿಯ ಕೈಯಿಂದ ರಸೀದಿ ತೆಗೆದುಕೊಂಡು ಮಡಿಸಿ ಚೀಲಕ್ಕೆ ಹಾಕಿದಳು. ಇಬ್ಬರೂ ಹಲಸೂರಿನ ಬಸ್ ಸ್ಟಾಪಿನ ಕಡೆಗೆ ನಡೆದರು.

ರಸೀದಿ ಹಿಡಿದು ಬಂದವರು ಹನ್ನೊಂದು ಹುಡುಗಿಯರು. ಇಬ್ಬರಿಗೆ ಐದರೊಳಗೆ ಊರಿನಿಂದ ಫೋನಿಗೆ ಪ್ರಮಾಣಪತ್ರ ಬಂತು. ಜಯಮಾಲಾಳದ್ದೂ ಸೇರಿ ಹೋದ ಸೀಟು ಒಂಬತ್ತು.